ಹೋಗಲು, ಹೋಗೋಕೆ, ಹೋಪಲೆ: ಮಳೆ ನಿಲ್ಲಲು ಮದ್ದು ಹೊಡೆದವರು ಯಾರು?

ಶಿರಸಿ ಸೀಮೆಯ ಅಡಿಕೆ ತೋಟದ ಬಗ್ಗೆ ಯಾರೋ ಬರೆದ ಕಥೆಯಲ್ಲಿ ಈ ಎರಡು ವಾಕ್ಯಗಳಿವೆ ಎಂದುಕೊಳ್ಳಿ.

‘ಕೊಳೆ ನಿಲ್ಲಲು ಮದ್ದು ಹೊಡೆಸಿದರು.’
‘ಮಳೆ ನಿಲ್ಲಲು ಮದ್ದು ಹೊಡೆಸಿದರು.’

ವ್ಯಾಕರಣದ ಲೆಕ್ಕದಲ್ಲಿ ಎರಡೂ ಒಂದೇ ಅಚ್ಚಿನವು, ಅರ್ಥ ಮಾತ್ರ ಬೇರೆ. ಮೊದಲನೆಯದರಲ್ಲಿ ಕೊಳೆರೋಗ ನಿಲ್ಲಲಿ ಎಂಬುದಕ್ಕಾಗಿ ಮದ್ದು ಹೊಡೆಸಿದ್ದಾರೆ. ಎರಡನೆಯದರಲ್ಲಿ ಮಳೆ ನಿಂತಾಗ, ಆ ಹೊಳವು ನೋಡಿಕೊಂಡು ಹೊಡೆಸಿದ್ದಾರೆ. ಈ ವ್ಯತ್ಯಾಸವನ್ನು ನಮಗೆ ತಿಳಿಸಿದ್ದು ‘ನಿಲ್ಲಲು’ ಎಂಬ ಪದವಲ್ಲ, ತೋಟದ ತಿಳಿವಳಿಕೆ. ಮೈಲುತುತ್ತ ಮತ್ತು ಸುಣ್ಣವನ್ನು ಕಿಲೋಗೆ ಕಿಲೋ ಹಾಕಿ ನೂರು ಲೀಟರ್ ನೀರಿನಲ್ಲಿ ಕಲಸಿ ಮಾಡುವ ಬೋರ್ಡೋ ದ್ರಾವಣವನ್ನು ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಮಳೆಯ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಕೊನೆಗೆ ಹೊಡೆಯಬೇಕು, ಸುರಿಯುವ ಮಳೆಯಲ್ಲಿ ಹೊಡೆದರೆ ತೊಳೆದು ಹೋಗುತ್ತದೆ ಎಂದು ಗೊತ್ತಿರುವವರಿಗೆ ಎರಡನೆಯ ವಾಕ್ಯ ತಕ್ಷಣ ಸರಿಯಾಗಿ ಕೇಳಿಸುತ್ತದೆ. ಇದು ಗೊತ್ತಿಲ್ಲದವರು ಒಂದು ಕ್ಷಣ ತಡವರಿಸುತ್ತಾರೆ.

ಈಗ ಅದೇ ಮಾತನ್ನು ಆಡುವ ಕನ್ನಡದಲ್ಲಿ ಹೇಳಿ ನೋಡೋಣ. ‘ಕೊಳೆ ನಿಲ್ಲೋಕೆ ಮದ್ದು ಹೊಡೆಸಿದರು’ ಎಂದರೆ ಯಾವ ತೊಡಕೂ ಇಲ್ಲ. ‘ಮಳೆ ನಿಲ್ಲೋಕೆ ಮದ್ದು ಹೊಡೆಸಿದರು’ ಎಂದರೆ ಜಗುಲಿಯಲ್ಲಿ ಕೂತವರೆಲ್ಲ ನಗುತ್ತಾರೆ, ಏಕೆಂದರೆ ಆಗ ಮದ್ದಿಗೆ ಮಳೆಯನ್ನೇ ನಿಲ್ಲಿಸುವ ಶಕ್ತಿ ಬಂದುಬಿಡುತ್ತದೆ. ಮಾತಿನಲ್ಲಿ ಅದನ್ನು ‘ಮಳೆ ನಿಂತಾಗ’ ಅಥವಾ ‘ಮಳೆ ನಿಂತ ಮೇಲೆ’ ಎಂದೇ ಹೇಳಬೇಕು. ಬರೆಹದ ‘-ಅಲು’ ಮುಚ್ಚಿಟ್ಟ ವ್ಯತ್ಯಾಸವನ್ನು ‘-ಓಕೆ’ ಮುಚ್ಚಲು ಒಪ್ಪುವುದಿಲ್ಲ.

ನಾನು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ. ‘ಹೋಗಲು’ ಶುದ್ಧ, ‘ಹೋಗೋಕೆ’ ಅದರ ಕೆಟ್ಟ ರೂಪ ಎಂಬ ಶಾಲೆಯ ನಂಬಿಕೆ ಎರಡು ಕಡೆ ತಪ್ಪುತ್ತದೆ. ‘ಹೋಗೋಕೆ’ ಎಂಬುದು ‘ಹೋಗಲು’ ಸವೆದು ಆದದ್ದಲ್ಲ, ಅದರ ವಂಶವೇ ಬೇರೆ. ಜೊತೆಗೆ, ಉದ್ದೇಶವನ್ನು ಹೇಳುವ ಕೆಲಸದಲ್ಲಿ ‘ಹೋಗೋಕೆ’ಯೇ ಹೆಚ್ಚು ಖಚಿತ.

ಮೊದಲು ವಂಶದ ಮಾತು. ‘ಹೋಗಲು’ ಹಳೆಗನ್ನಡದ ‘ಪೋಗಲ್’ನಿಂದ ಬಂದದ್ದು. ಕೇಶಿರಾಜ ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಗುರುತಿಸುವ ‘-ಅಲ್’, ‘-ಅಲ್ಕೆ’ ಎಂಬ ರೂಪಗಳ ಸಂತಾನ ಅದು. ‘ಹೋಗಲಿಕ್ಕೆ’ ಕೂಡ ಅದೇ ಮನೆಯದು. ‘ಹೋಗೋಕೆ’ ಹಾಗಲ್ಲ. ಅದು ‘ಹೋಗುವುದು’ ಎಂಬ ನಾಮಪದಕ್ಕೆ ಚತುರ್ಥಿಯ ‘-ಕ್ಕೆ’ ಸೇರಿ ಆದ ‘ಹೋಗುವುದಕ್ಕೆ’ಯ ಸಂಕ್ಷೇಪ. ‘ಹೋಗುವುದಕ್ಕೆ’ ಮೊದಲು ‘ಹೋಗೋದಕ್ಕೆ’ ಆಯಿತು, ಆಮೇಲೆ ದಕಾರವೂ ಬಿದ್ದು ‘ಹೋಗೋಕೆ’ ಆಯಿತು.

ಈ ದಕಾರ ಬಿದ್ದ ಕಡೆ ಸ್ವಲ್ಪ ನಿಲ್ಲಬೇಕು, ನನಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ್ದಾಗಿ ಕಂಡ ಜಾಗ ಇದು. ‘ಹೋಗೋದಕ್ಕೆ’ ಎಂಬಲ್ಲಿ ಇರುವ ‘-ಕ್ಕೆ’ ಗುರಿಯನ್ನೂ ಹೇಳಬಹುದು, ಕಾರಣವನ್ನೂ ಹೇಳಬಹುದು. ‘ಮದ್ದು ಹೊಡೆಯೋದಕ್ಕೆ ಬಂದ’ ಎಂದರೆ ಗುರಿ. ‘ನೀನು ಹೀಗೆಲ್ಲ ಹೇಳೋದಕ್ಕೇ ಅವನು ಬರೋದಿಲ್ಲ’ ಎಂದರೆ ಕಾರಣ. ಈ ಎರಡನೆಯ ವಾಕ್ಯದಲ್ಲಿ ದಕಾರವನ್ನು ಕಿತ್ತು ‘ನೀನು ಹೀಗೆಲ್ಲ ಹೇಳೋಕೇ ಅವನು ಬರೋದಿಲ್ಲ’ ಎಂದು ಹೇಳಿ ನೋಡಿ. ವಾಕ್ಯ ಕುಂಟುತ್ತದೆ, ಕಾರಣದ ಅರ್ಥ ಹಾರಿಹೋಗುತ್ತದೆ. ‘ನೀವು ಬರೋದಕ್ಕೆ ನಮಗೆ ಖುಷಿ’ ಎನ್ನಬಹುದು, ‘ನೀವು ಬರೋಕೆ ನಮಗೆ ಖುಷಿ’ ಎನ್ನಲಾಗದು. ಅವಸರದ ಮಾತಿನಲ್ಲೂ ಕಾರಣ ಹೇಳುವಾಗ ಜನ ‘ಹೇಳೋದ್ಕೆ’ ಎಂದು ದಕಾರವನ್ನು ಹೇಗೋ ಉಳಿಸಿಕೊಳ್ಳುತ್ತಾರೆ. ಹಾಗಾಗಿ ‘-ಓಕೆ’ ಬರಿಯ ಸೋಮಾರಿತನದ ಉಚ್ಚಾರವಲ್ಲ. ಸವೆಯುತ್ತ ಸವೆಯುತ್ತ ಅದು ಎರಡು ಕೆಲಸಗಳಲ್ಲಿ ಒಂದನ್ನು ಬಿಟ್ಟುಕೊಟ್ಟಿದೆ. ಮುಗಿದುಹೋದ ಕಾರಣಕ್ಕೆ ಭೂತಕಾಲದ ರೂಪ ಹೇಗೂ ಇದೆ: ‘ಮದ್ದು ಹೊಡೆದದ್ದಕ್ಕೆ ಕೊಳೆ ಬರಲಿಲ್ಲ.’ ಇಲ್ಲಿ ‘-ಓಕೆ’ಗೆ ಪ್ರವೇಶವೇ ಇಲ್ಲ.

(‘ಹೋಗೋಕೆ ಬಿಡಲಿಲ್ಲ’, ‘ಹೋಗೋಕೆ ಆಗಲಿಲ್ಲ’ ಎಂಬಂಥ ವಾಕ್ಯಗಳಲ್ಲಿ ಗುರಿ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ನಿಜ, ಅಲ್ಲಿ ಅದು ಮುಂದಿನ ಕ್ರಿಯಾಪದದ ಬಾಲ ಹಿಡಿದು ನಿಂತಿದೆ. ಅಲ್ಲಿಯೂ ಅದು ಹೇಳುವುದು ಇನ್ನೂ ನಡೆಯದ ಕ್ರಿಯೆಯನ್ನೇ.)

‘-ಅಲು’ ಹೀಗೆ ಯಾವ ಕೆಲಸವನ್ನೂ ಬಿಟ್ಟುಕೊಟ್ಟಿಲ್ಲ. ಕುಮಾರವ್ಯಾಸನಂಥ ಷಟ್ಪದಿ ಕವಿಗಳಲ್ಲಿ, ಯಕ್ಷಗಾನದ ಪ್ರಸಂಗಗಳ ಪದ್ಯಗಳಲ್ಲಿ ‘ಅವನು ಬರಲು ಇವನು ಎದ್ದನು’ ಎಂಬ ಮಾದರಿಯ ವಾಕ್ಯ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಎರಡು ಕ್ರಿಯೆಗಳ ಕರ್ತೃ ಬೇರೆಬೇರೆಯಾದಾಗ ಅಲ್ಲಿ ‘-ಅಲು’ ಎಂದರೆ ‘ಆಗ’, ಅಥವಾ ‘ಆದ್ದರಿಂದ’. ಸಿದ್ದಾಪುರ, ಶಿರಸಿ, ಯಲ್ಲಾಪುರಗಳಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳೆದವರ ಕಿವಿಗೆ ಈ ‘-ಅಲು’ ಪುಸ್ತಕದ್ದಲ್ಲ, ಭಾಗವತರ ಬಾಯಿಯದ್ದು. ‘ಮಳೆ ನಿಲ್ಲಲು ಮದ್ದು ಹೊಡೆಸಿದರು’ ಎಂಬುದನ್ನು ಅವರು ಎಡವದೆ ದಾಟುವುದಕ್ಕೆ ತೋಟದಷ್ಟೇ ಆಟವೂ ಕಾರಣವೆಂದು ನನ್ನ ಅನಿಸಿಕೆ.

ಈ ಮೂರು ತಾಲೂಕುಗಳಲ್ಲಿ ಉದ್ದೇಶ ಹೇಳುವ ರೂಪ ಒಂದೇ ಅಲ್ಲ. ಹವ್ಯಕರ ಮನೆಮಾತಿನಲ್ಲಿ ಅದು ‘ಹೋಪಲೆ’, ‘ಬಪ್ಪಲೆ’, ‘ತಿಂಬಲೆ’, ‘ಮಾಡಲೆ’. ಮೊದಲ ಮೂರರಲ್ಲಿ ಕಾಣುವ ಹೋಪ, ಬಪ್ಪ, ತಿಂಬ ಎಂಬವು ಹಳೆಗನ್ನಡದ ಪೋಪ, ಬರ್ಪ, ತಿಂಬ ಎಂಬ ಭವಿಷ್ಯದ ಕೃದಂತಗಳೇ. ಕುಂದಾಪುರದ ‘ಹೋಪುಕೆ’ಯಲ್ಲೂ ಅದೇ ‘ಹೋಪ’ ಕೂತಿದೆ. ಯಲ್ಲಾಪುರದಿಂದ ಹುಬ್ಬಳ್ಳಿ ರಸ್ತೆ ಹಿಡಿದು ಘಟ್ಟದ ಕಾಡು ಮುಗಿಯುತ್ತಿದ್ದಂತೆ ‘ಹೋಗಾಕ’, ‘ಹೋಗಲಿಕ್ಕ’ ಕೇಳಿಸುತ್ತವೆ. ಇಲ್ಲಿ ಹವ್ಯಕರಲ್ಲದವರ ಕನ್ನಡಗಳಿವೆ, ಕೊಂಕಣಿ, ಮರಾಠಿ ಆಡುವವರಿದ್ದಾರೆ, ಯಲ್ಲಾಪುರದ ಸಿದ್ದಿಗಳಿದ್ದಾರೆ. ‘ಶಿರಸಿ ಕಡೆಯ ಭಾಷೆ’ ಎಂದರೆ ಹವಿಗನ್ನಡ ಎಂದು ಬರೆಯುವ ವಿಮರ್ಶಕರು ಇದನ್ನು ಮರೆತೇಬಿಡುತ್ತಾರೆ. ‘ಹೋಗೋಕೆ’ ಹವ್ಯಕ ಮನೆಗಳಿಗೆ ಹೆಚ್ಚಾಗಿ ಹೊರಗಿನಿಂದ, ರೇಡಿಯೋ, ಸಿನಿಮಾ, ಬೆಂಗಳೂರಿನಿಂದ ರಜೆಗೆ ಬರುವ ಮಕ್ಕಳ ಜೊತೆ ಬಂದ ಮಾತು.

ಇದು ಸಾಹಿತ್ಯ ವಿಮರ್ಶೆಗೆ ಏಕೆ ಬೇಕು? ಈ ಭಾಗದ ಹೊಸ ಕಥೆಗಳನ್ನು ಓದುವಾಗ ನನಗೆ ಮತ್ತೆಮತ್ತೆ ಕಾಣುವ ಒಂದು ಒಪ್ಪಂದವಿದೆ. ಸಂಭಾಷಣೆಗೆ ಹೋಪಲೆ, ಬಪ್ಪಲೆ, ನಿರೂಪಣೆಗೆ ಹೋಗಲು, ಬರಲು. ಇದನ್ನು ‘ಪ್ರಾದೇಶಿಕ ಸೊಗಡು’ ಎಂದು ಹೊಗಳಿ ಮುಗಿಸುವುದು ವಾಡಿಕೆ. ಸೊಗಡು ಎಲ್ಲಿದೆ ಎಂಬುದಕ್ಕಿಂತ, ನಿರೂಪಣೆಯಲ್ಲಿ ಏನು ಕಳೆದುಹೋಗುತ್ತಿದೆ ಎಂದು ನೋಡುವುದು ಹೆಚ್ಚು ಉಪಯುಕ್ತ.

ಮತ್ತೆ ಕೊಳೆಮದ್ದಿಗೇ ಬರೋಣ. ಕೊಳೆ ಬರಬಾರದು ಎಂಬುದು ಗುರಿ. ಇದನ್ನು ನಿರೂಪಕ ಮೂರು ಬಗೆಯಲ್ಲಾದರೂ ಹೇಳಬಹುದು.

‘ಕೊಳೆ ಬಾರದಿರಲು ಅಪ್ಪಯ್ಯ ಮದ್ದು ಹೊಡೆಸಿದ.’ ಇದು ಕೃಷಿ ಇಲಾಖೆಯ ಕರಪತ್ರದ ವಾಕ್ಯ. ಮದ್ದಿನ ಉಪಯೋಗ ಏನೆಂದು ಹೇಳುತ್ತದೆ. ಅಪ್ಪಯ್ಯ ಅಲ್ಲಿ ಕೈ ಮಾತ್ರ, ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು ವಾಕ್ಯಕ್ಕೆ ಬೇಕಾಗಿಲ್ಲ.

‘ಕೊಳೆ ಬಾರದಂತೆ ಅಪ್ಪಯ್ಯ ಮದ್ದು ಹೊಡೆಸಿದ.’ ಇದನ್ನು ಓದಿದವರು ಕೊಳೆ ಬರಲಿಲ್ಲ ಎಂದೇ ಊಹಿಸುತ್ತಾರೆ. ‘-ಅಂತೆ’ ರೀತಿಯನ್ನು ಹೇಳುತ್ತದೆ, ರೀತಿ ಸರಿಯಿತ್ತು ಎಂದರೆ ಫಲವೂ ಸಿಕ್ಕಿತು ಎಂಬ ಸೂಚನೆ ಅದರ ಜೊತೆಗೇ ಬರುತ್ತದೆ.

‘ಕೊಳೆ ಬರಬಾರದು ಎಂದು ಅಪ್ಪಯ್ಯ ಮದ್ದು ಹೊಡೆಸಿದ.’ ಇಲ್ಲಿ ಮಾತ್ರ ಅಪ್ಪಯ್ಯನಿಗೆ ಮನಸ್ಸಿದೆ. ‘ಎಂದು’ ಅವನ ಆಸೆಯನ್ನು ಅವನದೇ ಮಾತಾಗಿ ತರುತ್ತದೆ. ಓದುಗ ಕಿವಿ ನೆಟ್ಟಗೆ ಮಾಡಿ ‘ಆದರೂ...’ ಎಂಬ ಮುಂದಿನ ವಾಕ್ಯಕ್ಕೆ ಕಾಯುತ್ತಾನೆ.

ಹವ್ಯಕ ಮಾತು ಇಲ್ಲಿ ಮೂರನೆಯ ದಾರಿಯನ್ನೇ ಹಿಡಿಯುತ್ತದೆ: ‘ಕೊಳೆ ಬಪ್ಪಲಾಗ ಹೇಳಿ ಮದ್ದು ಹೊಡೆಸಿದ.’ ‘ಬಪ್ಪಲಾಗ’ ಎಂದರೆ ಬರಕೂಡದು. ‘ಹೇಳಿ’ ಎಂದರೆ ‘ಎಂದು’. ‘ಬಪ್ಪಲೆ’ಯಲ್ಲಿ ಗುರಿ ಹೇಳುವ ಅದೇ ಲಕಾರ ಇಲ್ಲಿ ‘ಆಗ’ ಎಂಬ ನಿಷೇಧದ ಜೊತೆ ಕೂಡಿದೆ. ಈ ವಾಕ್ಯವನ್ನು ಅಚ್ಚಿಗೆ ತರುವಾಗ ‘ಕೊಳೆ ಬಾರದಿರಲು’ ಎಂದು ತಿದ್ದಿದರೆ ಹೋಗುವುದು ಬರಿಯ ಸೊಗಡಲ್ಲ, ಅಪ್ಪಯ್ಯನ ಆತಂಕ. ಕಥೆಯ ಮುಂದಿನ ಪುಟದಲ್ಲಿ ಕೊಳೆ ಬಂದು ಅಡಿಕೆ ಉದುರಿದ್ದರೆ, ಅದರ ಪೆಟ್ಟು ಈ ಒಂದು ಪ್ರತ್ಯಯದಿಂದಲೇ ಅರ್ಧ ಕಡಿಮೆಯಾಗಿರುತ್ತದೆ.

ಬೇರೆಯವರಿಗಾಗಿ ಮಾಡುವ ಕೆಲಸದಲ್ಲೂ ಇದೇ ಕಥೆ. ‘ಮಗ ಓದಲು ಅಪ್ಪ ಹಣ ಕಳಿಸಿದ’ ಎಂದಾಗ ‘ಮಗ ಓದುತ್ತಿರಲು’ ಎಂಬ ಹಳೆಯ ಅರ್ಥದ ನೆರಳು ವಾಕ್ಯದ ಮೇಲೆ ಬೀಳುತ್ತದೆ. ಮಾತು ಇದನ್ನು ‘ಮಗನಿಗೆ ಓದೋಕೆ’ ಎಂದು ಬಿಡಿಸುತ್ತದೆ. ಓದುವವನಿಗೆ ಚತುರ್ಥಿ ಹಚ್ಚಿದ ಕೂಡಲೇ ಕೊಡುವವನು ಯಾರು, ಓದುವವನು ಯಾರು ಎಂಬ ಗೊಂದಲ ಉಳಿಯುವುದಿಲ್ಲ. ಅಪ್ಪನ ಆಸೆಯೇ ಮುಖ್ಯವಾದರೆ ‘ಮಗ ಓದಲಿ ಎಂದು’. ಬರೆಹದಲ್ಲಿ ಈ ಎರಡೂ ದಾರಿಗಳು ತೆರೆದೇ ಇವೆ, ಆದರೂ ಕೈ ಮೊದಲು ಹೋಗುವುದು ‘ಓದಲು’ವಿಗೇ.

ಹಸ್ತಪ್ರತಿ ತಿದ್ದುವ ಗೆಳೆಯರಿಗೆ ನಾನು ಹೇಳುವ ಪರೀಕ್ಷೆ ಸರಳ. ‘-ಅಲು’ ಇರುವಲ್ಲಿ ‘-ಓಕೆ’ ಅಥವಾ ನಿಮ್ಮ ಮನೆಯ ‘-ಲೆ’ಯನ್ನು ಇಟ್ಟು ಓದಿ. ನಗು ಬಂದರೆ ಅದು ಉದ್ದೇಶದ ವಾಕ್ಯವಲ್ಲ, ‘ಆಗ’ ಎಂದು ಬರೆಯಬೇಕಾದದ್ದು. ನಗು ಬರದಿದ್ದರೆ ವಾಕ್ಯದ ತುದಿಗೆ ‘ಆದರೂ ಆಗಲಿಲ್ಲ’ ಎಂದು ಸೇರಿಸಿ. ಅದು ಅಂಟಿಸಿದಂತೆ ಕೇಳಿಸಿದರೆ ಅಲ್ಲಿ ಇರುವುದು ವಸ್ತುವಿನ ಉಪಯೋಗ, ಮನುಷ್ಯನ ಉದ್ದೇಶವಲ್ಲ. ಕಥೆಗೆ ಯಾವುದು ಬೇಕು ಎಂಬುದು ಬರೆದವರಿಗೇ ಗೊತ್ತು.

ಹಾಗೆಂದು ‘-ಅಲು’ವನ್ನು ಅಟ್ಟಕ್ಕೆ ಹಾಕುವಂತಿಲ್ಲ. ‘-ಓಕೆ’ ಕಾಲಿಡಲಾಗದ ಜಾಗಗಳು ಅದಕ್ಕಿವೆ. ‘ನಾಳೆ ಬರಲಿದ್ದಾರೆ’ ಎನ್ನುತ್ತೇವೆ, ‘ಬರೋಕಿದ್ದಾರೆ’ ಎಂದು ಯಾರೂ ಅನ್ನುವುದಿಲ್ಲ. ‘ಅವನು ಬರಲಾರ’ ಎಂಬುದರಲ್ಲಿ ಅಸಾಮರ್ಥ್ಯವಿದೆ, ‘ಬರಲಿಕ್ಕಿಲ್ಲ’ ಎಂಬುದರಲ್ಲಿ ಸಂಶಯವಿದೆ. ಎರಡರಲ್ಲೂ ‘-ಅಲ್’ ಉದ್ದೇಶವನ್ನು ಬಿಟ್ಟು ಎಷ್ಟೋ ದೂರ ಬಂದಿದೆ, ಮತ್ತು ಆ ದೂರವನ್ನು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ‘ಬಸ್ಸು ಇವತ್ತು ಬರಲಿಕ್ಕಿಲ್ಲ’ ಎನ್ನುವವರು ಯಾವ ವ್ಯಾಕರಣದ ಹಂಗೂ ಇಲ್ಲದೆ ದಿನವೂ ದಾಟುತ್ತಿದ್ದಾರೆ.