ನಿದ್ದೆಗೆಟ್ಟ ಹದಿನೆಂಟು ಮಂದಿ, ಒಂದು ಮಾದರಿ

‘ವ್ಯಕ್ತಿಯನ್ನು ರ್‍ಯಾಂಡಮ್ ಎಫೆಕ್ಟ್ ಎಂದು ಪರಿಗಣಿಸಿ ಮಿಶ್ರ ಪರಿಣಾಮ ಮಾದರಿ ಬಳಸಲಾಗಿದೆ.’ ಒಬ್ಬರನ್ನೇ ಹಲವು ಸಲ ಅಳೆದ ಅಧ್ಯಯನಗಳಲ್ಲಿ ವಿಧಾನದ ವಿವರಣೆ ಅನೇಕ ವೇಳೆ ಈ ಒಂದು ವಾಕ್ಯಕ್ಕೇ ಮುಗಿಯುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದು ಆರಂಭದ ಮಟ್ಟವೋ, ಬದಲಾವಣೆಯ ವೇಗವೋ, ಎರಡೂ ಹೌದೋ ಎಂಬುದನ್ನು ಅದು ಹೇಳುವುದಿಲ್ಲ. ತೀರ್ಮಾನ ನಿಂತಿರುವುದು ಅಲ್ಲೇ.

`lme4` ಜೊತೆ ಬರುವ `sleepstudy` ದತ್ತಾಂಶವನ್ನೇ ನೋಡೋಣ. ರಾತ್ರಿಗೆ ಮೂರು ಗಂಟೆ ಮಾತ್ರ ಮಲಗಲು ಬಿಟ್ಟ 18 ಮಂದಿಯ ಪ್ರತಿಕ್ರಿಯೆಯ ಸಮಯವನ್ನು ಹತ್ತು ದಿನ ಅಳೆದ ದಾಖಲೆ ಇದು.

```
lm(Reaction ~ Days, sleepstudy)
lmer(Reaction ~ Days + (1 | Subject), sleepstudy)
lmer(Reaction ~ Days + (Days | Subject), sleepstudy)
```

ಪ್ರತಿಕ್ರಿಯೆ ದಿನಕ್ಕೆ ಸುಮಾರು 10.5 ಮಿಲಿಸೆಕೆಂಡು ನಿಧಾನವಾಗುತ್ತದೆಂದು ಮೂರೂ ಹೇಳುತ್ತವೆ. ಆದರೆ ಆ ಅಂಕಿಯ ಸ್ಟ್ಯಾಂಡರ್ಡ್ ಎರರ್ ಕ್ರಮವಾಗಿ 1.24, 0.80, 1.55. ಎರಡನೆಯ ಮಾದರಿಯೂ ‘ಮಿಶ್ರ ಪರಿಣಾಮ’ದ್ದೇ, ಆದರೂ ಅತಿ ಹೆಚ್ಚು ಆತ್ಮವಿಶ್ವಾಸದಿಂದ ತಪ್ಪುವುದು ಅದೇ. ಎಲ್ಲರ ಆರಂಭದ ಮಟ್ಟ ಬೇರೆ ಎಂದು ಒಪ್ಪುವ ಅದು, ಎಲ್ಲರೂ ಒಂದೇ ವೇಗದಲ್ಲಿ ನಿಧಾನವಾಗುತ್ತಾರೆಂದು ನಂಬುತ್ತದೆ. ದತ್ತಾಂಶ ಹೇಳುವುದೇ ಬೇರೆ: ಪ್ರತ್ಯೇಕವಾಗಿ ಗೆರೆ ಎಳೆದರೆ 308 ಎಂಬ ಗುರುತುಸಂಖ್ಯೆಯ ವ್ಯಕ್ತಿ ದಿನಕ್ಕೆ ಸುಮಾರು 22 ಮಿಲಿಸೆಕೆಂಡು ನಿಧಾನವಾದರೆ, 335 ಎಂಬ ಗುರುತುಸಂಖ್ಯೆಯ ವ್ಯಕ್ತಿ ಸುಮಾರು 3 ಮಿಲಿಸೆಕೆಂಡು ಚುರುಕಾಗುತ್ತಾರೆ.

ಪರಿಶೀಲಕರ ಮುಂದೆ ಇಡಬೇಕಾದ ಸಮರ್ಥನೆ ಇದೇ. ‘ಎಐಸಿ ಕಡಿಮೆ ಬಂತು’ ಎಂದರೆ ಅವರು ನಂಬಬೇಕಷ್ಟೇ, ತಾಳೆ ನೋಡಲಾರರು. ಬದಲಿಗೆ ಪ್ರತಿಯೊಬ್ಬರಿಗೂ ಒಂದು ಗೆರೆ ಎಳೆದು 18 ಇಳಿಜಾರುಗಳನ್ನು ತೋರಿಸಿ. ಅವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 6.6, ಅದನ್ನು 18ರ ವರ್ಗಮೂಲದಿಂದ ಭಾಗಿಸಿದರೆ 1.55. ಮೂರನೆಯ ಮಾದರಿ ಕೊಟ್ಟದ್ದೂ ಅದನ್ನೇ. ಸರಾಸರಿ ವೇಗದ ಬಗ್ಗೆ ಸಾಕ್ಷಿ ಹೇಳುವವರು 18 ಮಂದಿಯೇ ಹೊರತು 180 ಅಳತೆಗಳಲ್ಲ ಎಂಬುದು ಆಗ ಕ್ಯಾಲ್ಕುಲೇಟರಿನಲ್ಲೇ ಸಿದ್ಧವಾಗುತ್ತದೆ. ಎಲ್ಲರನ್ನೂ ಅವೇ ದಿನಗಳಲ್ಲಿ ಅಳೆದಿರುವುದರಿಂದ ಈ ತಾಳೆ ಇಷ್ಟು ಕರಾರುವಾಕ್ಕು. ಕೆಲವರ ಅಳತೆಗಳು ತಪ್ಪಿಹೋದಾಗ ಸರಳ ಲೆಕ್ಕ ಸಾಲದು. ಯಾರ ಗೆರೆಗೆ ಎಷ್ಟು ತೂಕ ಎಂಬುದನ್ನು ಮಾದರಿಯೇ ನಿರ್ಧರಿಸಬೇಕಾಗುತ್ತದೆ.

ವರದಿ ಹೀಗಿರಲಿ: ‘ಆರಂಭದ ಮಟ್ಟವೂ ದಿನದಿನದ ಬದಲಾವಣೆಯೂ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಲು ಬಿಟ್ಟಿದ್ದೇವೆ. ದಿನಕ್ಕೆ ಸರಾಸರಿ ಏರಿಕೆ 10.5 ಮಿಲಿಸೆಕೆಂಡು, ವ್ಯಕ್ತಿಗಳ ನಡುವೆ ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ 5.9.’ ಈ 5.9 ಮೇಲಿನ 6.6ಕ್ಕಿಂತ ಚಿಕ್ಕದು, ಏಕೆಂದರೆ ಅಳತೆಯ ಏರುಪೇರನ್ನು ಮಾದರಿ ಅದರಿಂದ ಬೇರ್ಪಡಿಸಿದೆ.

ಇಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಮೊದಲ ದಿನಗಳು ಅಭ್ಯಾಸಕ್ಕೆ ಮೀಸಲಾಗಿದ್ದವು. ನಿದ್ದೆಯ ಕಡಿತ ಶುರುವಾದದ್ದು 2 ಎಂದು ಗುರುತಿಸಿದ ದಿನದ ಅಳತೆಯ ನಂತರ. ಸೊನ್ನೆಯಿಂದಲೇ ನೇರ ಗೆರೆ ಎಳೆಯುವ ಈ ತಪ್ಪನ್ನು ಯಾವ ರ್‍ಯಾಂಡಮ್ ಎಫೆಕ್ಟೂ ಸರಿಪಡಿಸದು. ಪರಿಶೀಲಕರು ಮೊದಲು ಕೇಳಬೇಕಾದ ಪ್ರಶ್ನೆ ಅದೇ.