ಮೂರನೆಯ ಕಂಬ ಹೊರದ ಭಾರ

ಲಿಬಿಯಾದ ಮೇಲೆ ಬಲಪ್ರಯೋಗಕ್ಕೆ ದಾರಿ ತೆರೆದ 1973ನೇ ನಿರ್ಣಯವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ್ದು 2011ರ ಮಾರ್ಚ್ 17ರಂದು. ‘ರಕ್ಷಿಸುವ ಹೊಣೆ’ ಎಂಬ ತತ್ವ ಕಾನೂನಾಗಿ ಬೆಳೆದು ನಿಂತದ್ದಕ್ಕೆ ಇದೇ ಸಾಕ್ಷಿ ಎಂದು ಆಗ ಸಂಭ್ರಮಿಸಿದವರು ಕಡಿಮೆಯೇನಿಲ್ಲ. ನಿರ್ಣಯವನ್ನೇ ಕೈಗೆತ್ತಿಕೊಂಡು ಓದಿದರೆ ಆ ಸಂಭ್ರಮ ನಿಲ್ಲುವುದಿಲ್ಲ. ಜನರನ್ನು ರಕ್ಷಿಸುವ ಹೊಣೆಯ ಮಾತು ಅಲ್ಲಿ ಬರುವುದು ಪೀಠಿಕೆಯಲ್ಲಿ, ಅದೂ ಲಿಬಿಯಾದ ಅಧಿಕಾರಸ್ಥರ ಹೊಣೆಯಾಗಿ. ಬೆಂಗಾಜಿಯ ಕಡೆ ಸಾಗುತ್ತಿದ್ದ ಗಡಾಫಿ ಪಡೆಗಳನ್ನು ತಡೆಯುವ ವಿಷಯ ಬಂದಾಗ, ನಾಲ್ಕನೇ ಕಂಡಿಕೆ ಸದಸ್ಯ ರಾಷ್ಟ್ರಗಳಿಗೆ ‘ಅಗತ್ಯವಾದ ಎಲ್ಲ ಕ್ರಮ’ಗಳಿಗೆ ಅನುಮತಿ ಕೊಡುತ್ತದೆ. ಹೋಗಲೇಬೇಕು ಎಂದು ಯಾರಿಗೂ ಹೇಳುವುದಿಲ್ಲ.

ಅನುಮತಿ ಬೇರೆ, ಕರ್ತವ್ಯ ಬೇರೆ. ಅನುಮತಿ ಪಡೆದವನು ಸುಮ್ಮನೆ ಕುಳಿತರೆ ತಪ್ಪಿಲ್ಲ. ಕರ್ತವ್ಯ ಇದ್ದವನು ಸುಮ್ಮನಿದ್ದರೆ ಅವನ ಮೇಲೆ ದಾವೆ ಹೂಡಬಹುದು. ಈ ತತ್ವವನ್ನು ತೂಗಬೇಕಾದದ್ದು ಇದೇ ತಕ್ಕಡಿಯಲ್ಲಿ.

ರುವಾಂಡ, ಸ್ರೆಬ್ರೆನಿಟ್ಸಾಗಳಲ್ಲಿ ಜಗತ್ತು ಕೈಕಟ್ಟಿ ನಿಂತದ್ದು, ಮಂಡಳಿಯ ಒಪ್ಪಿಗೆಯಿಲ್ಲದೆ 1999ರಲ್ಲಿ ನ್ಯಾಟೊ ಕೊಸೊವೊಕ್ಕಾಗಿ ಬಾಂಬ್ ಸುರಿಸಿದ್ದು, ಈ ಎರಡು ಬಗೆಯ ಮುಜುಗರಗಳ ನಡುವೆ ಹುಟ್ಟಿದ ವಿಚಾರವಿದು. ಗರೆತ್ ಇವಾನ್ಸ್ ಮತ್ತು ಮೊಹಮದ್ ಸಹನೂನ್ ನೇತೃತ್ವದಲ್ಲಿ ಕೆನಡಾ ರಚಿಸಿದ ಆಯೋಗ 2001ರಲ್ಲಿ ಇದನ್ನು ಮುಂದಿಟ್ಟಿತು. ಮಂಡಳಿ ಕೈಚೆಲ್ಲಿದರೆ ಸಾಮಾನ್ಯ ಸಭೆಯ ಮೊರೆ ಹೋಗುವಂಥ ಬದಲಿ ದಾರಿಗಳನ್ನೂ ಅದು ಚರ್ಚಿಸಿತ್ತು. 2005ರ ವಿಶ್ವ ಶೃಂಗಸಭೆಯ ಪತ್ರಕ್ಕೆ ಬರುವಷ್ಟರಲ್ಲಿ ಅವೆಲ್ಲ ಉದುರಿಹೋಗಿ 138 ಮತ್ತು 139ನೇ ಕಂಡಿಕೆಗಳು ಉಳಿದವು. ನರಮೇಧ, ಯುದ್ಧಾಪರಾಧ, ಜನಾಂಗೀಯ ನಿರ್ಮೂಲನೆ, ಮಾನವತೆಯ ವಿರುದ್ಧದ ಅಪರಾಧ ಈ ನಾಲ್ಕಕ್ಕೆ ಮಾತ್ರ ಅವು ಅನ್ವಯ. ಪತ್ರವನ್ನು ಒಪ್ಪಿದ್ದು ಸಾಮಾನ್ಯ ಸಭೆಯ ನಿರ್ಣಯವಾಗಿ. ಅಂಥ ನಿರ್ಣಯ ಒಡಂಬಡಿಕೆಯಂತೆ ತಾನಾಗಿ ದೇಶಗಳನ್ನು ಕಟ್ಟಿಹಾಕುವುದಿಲ್ಲ.

2009ರಲ್ಲಿ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಆ ಎರಡು ಕಂಡಿಕೆಗಳನ್ನು ಮೂರು ಕಂಬಗಳಾಗಿ ನಿಲ್ಲಿಸಿದರು. ತನ್ನ ಜನರನ್ನು ಕಾಯುವುದು ಆಯಾ ದೇಶದ ಹೊಣೆ ಎಂಬುದು ಮೊದಲನೆಯದು. ಅದಕ್ಕೆ ಬೇಕಾದ ಶಕ್ತಿ ತುಂಬಲು ಉಳಿದವರು ನೆರವಾಗಬೇಕು ಎಂಬುದು ಎರಡನೆಯದು. ದೇಶವೊಂದು ಎದ್ದುಕಾಣುವಂತೆ ಸೋತಾಗ ಜಗತ್ತು ಸಕಾಲದಲ್ಲಿ, ದೃಢವಾಗಿ ಸ್ಪಂದಿಸಬೇಕು ಎಂಬುದು ಮೂರನೆಯದು. ಮೂರೂ ಸಮನಾಗಿರದಿದ್ದರೆ ಕಟ್ಟಡವೇ ಕುಸಿದೀತು ಎಂದು ಅವರ ವರದಿ ಎಚ್ಚರಿಸಿತ್ತು. ಕಾನೂನಿನ ಕಣ್ಣಲ್ಲಿ ಅವು ಸಮನಾಗಿ ಇರಲೇ ಇಲ್ಲ.

ಮೊದಲ ಕಂಬ ಗಟ್ಟಿ. ಆದರೆ ಅದರ ಬಲ ಎರವಲು. 1948ರ ನರಮೇಧ ಒಡಂಬಡಿಕೆ, 1949ರ ಜಿನೀವಾ ಒಡಂಬಡಿಕೆಗಳು, ರೂಢಿಗತ ಅಂತರರಾಷ್ಟ್ರೀಯ ಕಾನೂನು ಮೊದಲೇ ಹೇಳಿದ್ದನ್ನು 138ನೇ ಕಂಡಿಕೆ ಮತ್ತೆ ಹೇಳುತ್ತದೆ. ಎರಡನೆಯ ಕಂಬ ಸದಾಶಯ. ಯಾವ ದೇಶ ಯಾರಿಗೆ ಎಷ್ಟು ನೆರವು ಕೊಡಬೇಕು ಎಂಬ ಅಳತೆ ಇಲ್ಲದ ಕಡೆ, ಉಲ್ಲಂಘನೆಯಾಯಿತು ಎಂದು ಹೇಳುವುದಾದರೂ ಹೇಗೆ?

ನಿಜವಾದ ಪರೀಕ್ಷೆ ಮೂರನೆಯದಕ್ಕೆ. 139ನೇ ಕಂಡಿಕೆಯಲ್ಲಿ ದೇಶಗಳು ಹೇಳಿದ್ದು, ಮಂಡಳಿಯ ಮೂಲಕ, ಸನ್ನದಿಗೆ ಅನುಗುಣವಾಗಿ, ಪ್ರಕರಣದಿಂದ ಪ್ರಕರಣಕ್ಕೆ ನೋಡಿಕೊಂಡು, ಒಟ್ಟಾಗಿ ಹೆಜ್ಜೆಯಿಡಲು ತಾವು ಸಿದ್ಧ ಎಂದು. ಈ ಎಚ್ಚರದ ಮಾತುಗಳು ಕಣ್ತಪ್ಪಿ ಸೇರಿದವಲ್ಲ. ಮಧ್ಯಪ್ರವೇಶಿಸುವ ಕಾನೂನುಬದ್ಧ ಬಾಧ್ಯತೆಯನ್ನು ತಾನು ಒಪ್ಪುವುದಿಲ್ಲವೆಂದು ಅಮೆರಿಕದ ರಾಯಭಾರಿ ಜಾನ್ ಬೋಲ್ಟನ್ 2005ರ ಆಗಸ್ಟ್‌ನಲ್ಲಿ ಪತ್ರ ಬರೆದು ತಿಳಿಸಿದ್ದರು. ಸಾರ್ವಭೌಮತ್ವದ ಬಗ್ಗೆ ಆತಂಕವಿದ್ದ ದೇಶಗಳು ಇನ್ನೊಂದು ಕಡೆಯಿಂದ ಎಳೆದವು. ದೊಡ್ಡವರಿಗೆ ಬಾಧ್ಯತೆ ಬೇಡವಾಗಿತ್ತು, ಸಣ್ಣವರಿಗೆ ದಾಳಿಯ ಭಯವಿತ್ತು. ಇಬ್ಬರೂ ಒಪ್ಪಬಹುದಾದ ಪಠ್ಯ ಅಷ್ಟೇ ಆಗಿತ್ತು.

ಲಿಬಿಯಾ ಆ ಪಠ್ಯದ ಬೆಲೆಯನ್ನು ತೋರಿಸಿತು. ಹತ್ತು ದೇಶಗಳು ನಿರ್ಣಯದ ಪರ ಮತ ಹಾಕಿದವು. ಚೀನಾ, ರಷ್ಯಾ, ಜರ್ಮನಿ, ಬ್ರೆಜಿಲ್ ಮತ್ತು ಭಾರತ ತಟಸ್ಥವಾಗಿ ಉಳಿದವು. ನೆಲದ ಮೇಲಿನ ಸ್ಥಿತಿಯ ಬಗ್ಗೆ ನಂಬಲರ್ಹ ಮಾಹಿತಿ ಸಾಲದು ಎಂಬುದು ಭಾರತದ ತಕರಾರು. ಪೌರರ ರಕ್ಷಣೆಗೆಂದು ಆರಂಭವಾದ ದಾಳಿ ಗಡಾಫಿಯ ಪತನ ಮತ್ತು ಅಕ್ಟೋಬರ್‌ನಲ್ಲಿ ಆತನ ಸಾವಿನವರೆಗೂ ನಡೆಯಿತು. ಕೊಟ್ಟ ಅನುಮತಿಯ ಗಡಿ ಎಲ್ಲಿ ಮುಗಿಯಿತು ಎಂದು ಕೇಳುವ ವ್ಯವಸ್ಥೆ ನಿರ್ಣಯದಲ್ಲಿ ಇರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಬ್ರೆಜಿಲ್ ‘ರಕ್ಷಿಸುವಾಗಿನ ಹೊಣೆ’ ಎಂಬ ಪ್ರಸ್ತಾವ ಮಂಡಿಸಿದ್ದು ಈ ಕೊರತೆಯನ್ನು ತುಂಬಲೆಂದೇ. ಅಷ್ಟರಲ್ಲಿ, ಅಕ್ಟೋಬರ್‌ನಲ್ಲೇ, ಸಿರಿಯಾ ಕುರಿತ ಕರಡನ್ನು ರಷ್ಯಾ ಮತ್ತು ಚೀನಾ ವಿಟೊ ಮಾಡಿದ್ದವು. ಅವರ ಮೇಲೆ ಟೀಕೆಯ ಸುರಿಮಳೆಯಾಯಿತು. ಆದರೆ ರಕ್ಷಿಸುವ ಹೊಣೆಯನ್ನು ಮುರಿದಿರಿ ಎಂದು ನ್ಯಾಯಾಲಯಕ್ಕೆ ಎಳೆಯಲು 2005ರ ಪತ್ರದಲ್ಲಿ ಒಂದು ಸಾಲೂ ಸಿಗಲಿಲ್ಲ.

ಹಾಗಾದರೆ ಗಡಿಯಾಚೆಯ ಜನರ ವಿಷಯದಲ್ಲಿ ಯಾವ ದೇಶಕ್ಕೂ ಕರ್ತವ್ಯವೇ ಇಲ್ಲವೆ? ಇದೆ, ಆದರೆ ಅದರ ಬೇರು ಬೇರೆ ಕಡೆ. 2007ರ ಫೆಬ್ರವರಿ 26ರಂದು ಬೋಸ್ನಿಯಾ-ಸೆರ್ಬಿಯಾ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ತೀರ್ಪನ್ನು ನೋಡಿ. 1995ರ ಜುಲೈನಲ್ಲಿ ಸ್ರೆಬ್ರೆನಿಟ್ಸಾದಲ್ಲಿ 7,000ಕ್ಕೂ ಹೆಚ್ಚು ಬೋಸ್ನಿಯಾ ಮುಸ್ಲಿಮರನ್ನು ಕೊಂದದ್ದು ಬೋಸ್ನಿಯಾದ ಸೆರ್ಬ್ ಪಡೆ. ಸೆರ್ಬಿಯಾ ತಾನೇ ಆ ನರಮೇಧ ನಡೆಸಲಿಲ್ಲ ಎಂದಿತು ನ್ಯಾಯಾಲಯ. ಆದರೂ ಹಣ, ಸೇನೆ, ರಾಜಕೀಯದ ನಂಟಿನಿಂದ ಆ ಪಡೆಯ ಮೇಲೆ ಸೆರ್ಬಿಯಾಕ್ಕೆ ಪ್ರಭಾವವಿತ್ತು. ಗಂಭೀರ ಅಪಾಯದ ಅರಿವಿತ್ತು, ಇರಲೇಬೇಕಿತ್ತು. ತಡೆಯಲು ಅದು ಏನೂ ಮಾಡಲಿಲ್ಲ. ಹೀಗಾಗಿ ನರಮೇಧ ಒಡಂಬಡಿಕೆಯ ಮೊದಲ ವಿಧಿ ಹೊರಿಸಿದ ತಡೆಗಟ್ಟುವ ಕರ್ತವ್ಯವನ್ನು ಅದು ಮುರಿದಿದೆ ಎಂದು ತೀರ್ಪಾಯಿತು.

ಮೂರನೆಯ ಕಂಬದಲ್ಲಿ ಇಲ್ಲದ್ದೆಲ್ಲ ಇಲ್ಲಿದೆ. ಕರ್ತವ್ಯ ಯಾರದ್ದು? ಪ್ರಭಾವ ಬೀರಬಲ್ಲವರದ್ದು. ಎಂದಿನಿಂದ? ಅಪಾಯ ತಿಳಿದಂದಿನಿಂದ. ಎಷ್ಟು? ಕೈಲಾದ ಎಲ್ಲ ನ್ಯಾಯಯುತ ಪ್ರಯತ್ನ. ಫಲ ಸಿಕ್ಕೇ ತೀರಬೇಕೆಂಬ ಷರತ್ತಿಲ್ಲ. ಕೇಳುವವರು ಯಾರು ಎಂಬುದಕ್ಕೂ ಮುಂದೆ ಉತ್ತರ ಸಿಕ್ಕಿತು. ರೋಹಿಂಗ್ಯಾಗಳ ವಿಷಯದಲ್ಲಿ ನೇರ ಹಾನಿಯಾಗದ ಗ್ಯಾಂಬಿಯಾ ಮ್ಯಾನ್ಮಾರ್ ಮೇಲೆ ಹೂಡಿದ ದಾವೆಯನ್ನು ಆಲಿಸಬಹುದು ಎಂದು 2022ರಲ್ಲಿ ಅದೇ ನ್ಯಾಯಾಲಯ ಒಪ್ಪಿತು.

ಮಿತಿಗಳೂ ಅಷ್ಟೇ ಸ್ಪಷ್ಟ. ನಾಲ್ಕು ಅಪರಾಧಗಳ ಪೈಕಿ ಈ ತೀರ್ಪು ಮುಟ್ಟುವುದು ನರಮೇಧವನ್ನು ಮಾತ್ರ. ಅದು ಬಲಪ್ರಯೋಗದ ಹಕ್ಕು ಕೊಡುವುದಿಲ್ಲ. ನರಮೇಧ ನಡೆದ ಮೇಲಷ್ಟೇ ಉಲ್ಲಂಘನೆ ಲೆಕ್ಕಕ್ಕೆ ಬರುತ್ತದೆ. ಸೆರ್ಬಿಯಾ ಪ್ರಯತ್ನಿಸಿದ್ದರೆ ಹತ್ಯೆ ನಿಲ್ಲುತ್ತಿತ್ತೆಂದು ಸಾಬೀತಾಗದ ಕಾರಣ ಬೋಸ್ನಿಯಾಕ್ಕೆ ಪರಿಹಾರಧನವೂ ಸಿಗಲಿಲ್ಲ. ಇನ್ನು ಭಾರತ ಈ ಒಡಂಬಡಿಕೆಯ ಒಂಬತ್ತನೇ ವಿಧಿಗೆ ಮೀಸಲಾತಿ ಹಾಕಿದೆ. ಅದರಡಿ ನಮ್ಮನ್ನು ಆ ನ್ಯಾಯಾಲಯಕ್ಕೆ ಕರೆಯಲು ನಮ್ಮದೇ ಒಪ್ಪಿಗೆ ಬೇಕು. ಕರ್ತವ್ಯ ಇದೆ, ಕೇಳುವ ಬಾಗಿಲು ಮುಚ್ಚಿದೆ.

ಇಷ್ಟಾಗಿಯೂ ರಕ್ಷಿಸುವ ಹೊಣೆ ಬರಿಯ ಘೋಷಣೆ ಎಂದು ತಳ್ಳಿಹಾಕಲಾರೆ. ಜನರನ್ನು ಕೊಲ್ಲುವುದು ನಮ್ಮ ಆಂತರಿಕ ವಿಷಯ ಎಂಬ ಸಬೂಬಿನ ಮರ್ಯಾದೆಯನ್ನು ಅದು ಕಳೆದಿದೆ. ಅದರ ದೋಷ ಕಂಬಗಳ ರೂಪಕದಲ್ಲಿದೆ: ಕಾನೂನು, ಆಶಯ ಮತ್ತು ವಿವೇಚನಾಧಿಕಾರ ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಹೆಸರಿಟ್ಟದ್ದು. ಮಾನವತೆಯ ವಿರುದ್ಧದ ಅಪರಾಧಗಳಿಗೇ ಪ್ರತ್ಯೇಕ ಒಡಂಬಡಿಕೆ ರೂಪಿಸಲು 2028 ಮತ್ತು 2029ರಲ್ಲಿ ಸಮ್ಮೇಳನ ನಡೆಸಲು ಸಾಮಾನ್ಯ ಸಭೆ 2024ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿದೆ. ಅದರ ಕರಡಿನಲ್ಲಿ ತಡೆಗಟ್ಟುವ ಕರ್ತವ್ಯಕ್ಕೆ ಒಂದು ವಿಧಿ ಈಗಾಗಲೇ ಇದೆ. ಕಂಬಗಳ ಬಗ್ಗೆ ಇನ್ನಷ್ಟು ವರದಿ ಬರೆಯುವುದಕ್ಕಿಂತ ಆ ವಿಧಿ ಸಡಿಲವಾಗದಂತೆ, ಅದನ್ನು ಮೀಸಲಾತಿಯಿಂದ ಕುಂಟಾಗಿಸದಂತೆ ಜಗಳವಾಡುವುದು ಹೆಚ್ಚು ಫಲ ಕೊಟ್ಟೀತು.