ಬಲಗಡೆ ದೀಪದ ಎರಡು ಅರ್ಥ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವಾಗ ಒಂದು ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡೆ. ಎರಡು ಸಲ ಹಾರ್ನ್ ಹೊಡೆದೆ. ಲಾರಿಯ ಬಲಗಡೆ ಇಂಡಿಕೇಟರ್ ಮಿನುಗಿತು. ‘ದಾರಿ ಬಿಟ್ಟಿದ್ದಾನೆ, ಪುಣ್ಯಾತ್ಮ’ ಎಂದುಕೊಂಡು ಗೇರ್ ಇಳಿಸಿ ಬಲಕ್ಕೆ ಬಂದೆ. ಲಾರಿಯೂ ಬಲಕ್ಕೇ ಬಂತು. ರಸ್ತೆಯ ಆಚೆ ಬದಿಯ ಅಕ್ಕಿ ಗಿರಣಿಗೆ ತಿರುಗುವುದಿತ್ತಂತೆ ಅದಕ್ಕೆ. ಬ್ರೇಕ್ ಹಿಡಿಯಿತು, ಬದುಕಿದೆ. ಡ್ರೈವರ್ ಇಳಿದು ಬಂದು, “ಇಂಡಿಕೇಟರ್ ಹಾಕಿದ್ದು ಕಾಣ್ಲಿಲ್ವೇನ್ರೀ?” ಎಂದ. ಕಂಡಿತ್ತು. ಕಂಡದ್ದೇ ತೊಂದರೆಯಾಗಿತ್ತು.

ನಮ್ಮ ಹೆದ್ದಾರಿಗಳ ಸನ್ನೆಭಾಷೆಯಲ್ಲಿ ಅತಿ ಉಪಕಾರಿಯೂ ಅತಿ ಅಪಾಯಕಾರಿಯೂ ಆದ ಮಾತು ಈ ಬಲಗಡೆ ದೀಪ. ಒಬ್ಬ ಡ್ರೈವರ್ ‘ಮುಂದೆ ರಸ್ತೆ ಖಾಲಿ, ಹೋಗು’ ಎನ್ನಲು ಅದನ್ನು ಹಾಕುತ್ತಾನೆ. ಇನ್ನೊಬ್ಬ ‘ಎದುರಿಗೆ ಗಾಡಿ ಬರುತ್ತಿದೆ, ಬರಬೇಡ’ ಎನ್ನಲು ಹಾಕುತ್ತಾನೆ; ಹೋಗು ಎನ್ನಲು ಅವನದು ಎಡಗಡೆ ದೀಪ. ಮೂರನೆಯವನು ನಿಜಕ್ಕೂ ತಿರುಗುತ್ತಾನೆ. ಹಿಂದಿನವನಿಗೆ ಮೂರೂ ಒಂದೇ ಹಳದಿ ಮಿಣುಕು.

ಕಾನೂನಿನಲ್ಲಿ ಈ ಗೊಂದಲವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 121ನೇ ಸೆಕ್ಷನ್ ಯಂತ್ರದ ಮೂಲಕ ಕೊಡಬಹುದೆಂದು ಹೇಳುವುದು ಎಡಕ್ಕೆ ತಿರುಗುವ, ಬಲಕ್ಕೆ ತಿರುಗುವ, ನಿಲ್ಲುವ ಸೂಚನೆಗಳನ್ನು. ‘ಹಿಂದಿನವರು ಮುಂದೆ ಹೋಗಿ’ ಎಂಬುದು ಆ ಪಟ್ಟಿಯಲ್ಲಿಲ್ಲ. ಹಾಗೆಂದು ಆ ಮಾತೇ ಅಕ್ರಮವಾಗಿರಲಿಲ್ಲ: 1989ರ ರಸ್ತೆ ನಿಯಮಾವಳಿಯಲ್ಲಿ ಅದಕ್ಕೊಂದು ಕೈಸನ್ನೆಯೇ ಇತ್ತು. ಬಲಗೈಯನ್ನು ಹೊರಗೆ ಅಡ್ಡಲಾಗಿ ಚಾಚಿ ಹಿಂದಕ್ಕೂ ಮುಂದಕ್ಕೂ ಅರೆವೃತ್ತವಾಗಿ ಬೀಸುವುದು. ತಿರುಗುವ ಸನ್ನೆಯೊಡನೆ ಬೆರೆಯದ ಚೊಕ್ಕ ಸನ್ನೆ ಅದು. ರಾತ್ರಿ ಕಾಣದ ಆ ಕೈಯ ಕೆಲಸವನ್ನು ಡ್ರೈವರುಗಳು ದೀಪಕ್ಕೆ ವಹಿಸಿದರು ಎಂಬುದು ನನ್ನ ಊಹೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯ, ಕಿಟಕಿ ಮುಚ್ಚಿದ ಮೇಲೆ ಕೈ ಹೊರಬರುವುದು ಇನ್ನೂ ಅಪರೂಪವಾದೀತು.

ಅದೇ 1989ರ ನಿಯಮಾವಳಿಯಲ್ಲಿ ಇನ್ನೊಂದು ಮಾತಿತ್ತು: ಮುಂದಿನ ಗಾಡಿ ಬಲಕ್ಕೆ ತಿರುಗುವ ಸೂಚನೆ ಕೊಟ್ಟು ರಸ್ತೆಯ ನಡುವಿಗೆ ಸರಿದಿದ್ದರೆ ಅದನ್ನು ಎಡಗಡೆಯಿಂದ ದಾಟಬಹುದು. ಅಂದರೆ ಪುಸ್ತಕದ ಪ್ರಕಾರ ಬಲಗಡೆ ದೀಪ ‘ಬಲದಿಂದ ಬರಬೇಡ’ ಎನ್ನುತ್ತದೆ, ರೂಢಿಯಲ್ಲಿ ‘ಬಲದಿಂದ ಬಾ’ ಎನ್ನುತ್ತದೆ. ಒಂದು ಭಾಷೆಯಲ್ಲಿ ‘ಹೌದು’ ಮತ್ತು ‘ಇಲ್ಲ’ಕ್ಕೆ ಒಂದೇ ಪದವಿದ್ದಂತೆ.

ರೂಢಿಯ ಪರವಾಗಿಯೂ ಹೇಳಬೇಕು. ಎತ್ತರದಲ್ಲಿ ಕೂತ ಲಾರಿ ಡ್ರೈವರಿಗೆ ನಮಗೆ ಕಾಣದ ರಸ್ತೆ ಕಾಣುತ್ತದೆ, ಅವನ ಸನ್ನೆಯಲ್ಲಿ ಸೌಜನ್ಯವಿದೆ. ಆದರೆ ನಮ್ಮ ಗಾಡಿಯ ಪಿಕಪ್ ಅವನಿಗೆ ಗೊತ್ತಿಲ್ಲ. ಲಾರಿ ಗಂಟೆಗೆ 40 ಕಿ.ಮೀ., ನಾವು 60 ಎನ್ನಿ. ಹಿಂದೆ ಮುಂದೆ ಬಿಡುವ ಜಾಗವೂ ಸೇರಿ ಸುಮಾರು 50 ಮೀಟರ್ ಹೆಚ್ಚು ಕ್ರಮಿಸಬೇಕು. 9 ಸೆಕೆಂಡ್ ಬೇಕು. ಅಷ್ಟರಲ್ಲಿ ನಾವು 150 ಮೀಟರ್ ಓಡಿರುತ್ತೇವೆ, ಎದುರಿನಿಂದ 60ರಲ್ಲೇ ಬರುವ ಬಸ್ಸೂ ಅಷ್ಟೇ ಓಡಿರುತ್ತದೆ. 300 ಮೀಟರ್ ಖಾಲಿ ರಸ್ತೆ ನಮ್ಮ ಕಣ್ಣಿಗೇ ಕಾಣದಿದ್ದರೆ ಅವನ ದೀಪಕ್ಕೆ ಬೆಲೆಯಿಲ್ಲ. ರಸ್ತೆ ಖಾಲಿಯಿದೆಯೇ ಎಂದು ನೋಡುವ ಹೊಣೆ ಹಿಂದಿಕ್ಕುವವನದೇ.

ಉಳಿದ ಸನ್ನೆಗಳಲ್ಲಿ, ಎದುರಿನ ಗಾಡಿ ಬಂದಾಗ ಡಿಪ್ ಮಾಡುವುದು ನ್ಯಾಯ, ನಿಯಮ ಎರಡೂ. ಹೆಡ್‌ಲೈಟ್ ಹೊಡೆಯುವುದರ ಅರ್ಥ ಮಾತ್ರ ಊರಿಂದೂರಿಗೆ ಬದಲು. ನಮ್ಮಲ್ಲಿ ಅದು ‘ನಾನು ಬಂದೆ, ನೀನು ನಿಲ್ಲು’. ಬ್ರಿಟನ್ನಿನ ರೂಢಿಯಲ್ಲಿ ‘ನೀವು ಮೊದಲು ಹೋಗಿ’. ಅಲ್ಲಿಂದ ರಜೆಗೆ ಬಂದು ಸ್ಟಿಯರಿಂಗ್ ಹಿಡಿಯುವ ಕನ್ನಡಿಗರು ಇದನ್ನು ನೆನಪಿಡಬೇಕು. ಅಲ್ಲಿನ ಹೈವೇ ಕೋಡ್ ಕೂಡ ‘ನಾನಿದ್ದೇನೆ’ ಎನ್ನಲಷ್ಟೇ ಹೆಡ್‌ಲೈಟ್ ಮಿನುಗಿಸಿ ಎನ್ನುತ್ತದೆ.

ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿ ಸರ್ಕಲ್‌ನಲ್ಲಿ ‘ನೇರ ಹೋಗುತ್ತೇನೆ’ ಎನ್ನುವುದಂತೂ ಶುದ್ಧ ತಪ್ಪು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಆ ವ್ಯವಸ್ಥೆ ಇರುವುದು ಚಲಿಸಲಾಗದೆ ನಿಂತ ಗಾಡಿಗೆ. ಎಡಬದಿಯ ಬೈಕಿನವನಿಗೆ ಎಡದೀಪವೊಂದೇ ಕಾಣುತ್ತದೆ. ಗಾಡಿ ಎಡಕ್ಕೆ ತಿರುಗುತ್ತದೆಂದೇ ಅವನು ನಂಬುತ್ತಾನೆ. ನೇರ ಹೋಗುವವನು ಯಾವ ದೀಪವನ್ನೂ ಹಾಕಬೇಕಿಲ್ಲ.

ಆ ದಿನ ನಾನು ಗಮನಿಸಬೇಕಿದ್ದ ಗುರುತುಗಳು ಎದುರಿಗೇ ಇದ್ದವು. ಲಾರಿಯ ಬ್ರೇಕ್ ಲೈಟ್ ಕೆಂಪಾಗಿತ್ತು, ಅದು ಎಡಕ್ಕೆ ಸರಿಯದೆ ರಸ್ತೆಯ ನಡುವಿಗೆ ಬಂದಿತ್ತು, ಬಲಗಡೆ ಗಿರಣಿಯ ಗೇಟು ತೆರೆದಿತ್ತು. ದಾರಿ ಬಿಡುವವನು ಬ್ರೇಕ್ ಒತ್ತುವುದು ಕಡಿಮೆ. ಆಕ್ಸಿಲರೇಟರ್ ಬಿಟ್ಟು ಎಡಕ್ಕೆ ಸರಿಯುತ್ತಾನೆ. ಆ ಡ್ರೈವರ್ ನಿಯಮದಂತೆಯೇ ನಡೆದಿದ್ದ. ತಪ್ಪು ನನ್ನದು.